ಎರಡನೇ ಓದಿನಲ್ಲಿ ವಾಕ್ಯ ಮುಟ್ಟಬೇಡಿ

ಮೊದಲ ಕರಡು ಮುಗಿಸಿದ ಕಥೆಗಾರ ಅದನ್ನು ಮತ್ತೆ ಕೈಗೆತ್ತಿಕೊಂಡಾಗ ಸಾಮಾನ್ಯವಾಗಿ ಮೊದಲು ತಿದ್ದುವುದು ಮೊದಲ ವಾಕ್ಯವನ್ನು. ಆಮೇಲೆ ಎರಡನೆಯದನ್ನು. ವಾರ ಕಳೆಯುವಷ್ಟರಲ್ಲಿ ಆರಂಭದ ಹತ್ತು ಪುಟ ನುಣುಪಾಗಿರುತ್ತವೆ, ಹನ್ನೊಂದನೇ ಪುಟಕ್ಕೆ ಬರುವ ಹೊತ್ತಿಗೆ ಉತ್ಸಾಹ ಇಳಿದಿರುತ್ತದೆ, ಕಥೆ ಮಾತ್ರ ಇದ್ದಲ್ಲೇ ಇರುತ್ತದೆ. ಇದನ್ನೇ ನಾವು ತಿದ್ದುವುದು ಎಂದುಕೊಂಡಿದ್ದೇವೆ. ನನ್ನ ವಾದ ಇದಕ್ಕೆ ವಿರುದ್ಧವಾದದ್ದು. ಎರಡನೇ ಓದಿನಲ್ಲಿ ವಾಕ್ಯಗಳನ್ನು ಮುಟ್ಟಲೇಬಾರದು. ಆ ಓದಿಗೆ ಬೇರೆ ನಾಲ್ಕು ಕೆಲಸಗಳಿವೆ. ರಚನೆ, ಅರ್ಧಕ್ಕೆ ಬಿಟ್ಟ ಎಳೆಗಳು, ಗತಿ, ಪುನರುಕ್ತಿ. ಅವನ್ನು ಇದೇ ಕ್ರಮದಲ್ಲಿ, ಒಂದು ಹಾಳೆಯ ಮೇಲೆ ಪಟ್ಟಿ ಮಾಡಿಕೊಂಡು ಪರೀಕ್ಷಿಸಬೇಕು.

ವಾಕ್ಯ ಏಕೆ ಮುಟ್ಟಬಾರದು? ಚೆನ್ನಾಗಿ ತಿದ್ದಿದ ಪುಟವನ್ನು ಕಿತ್ತುಹಾಕಲು ಯಾರಿಗೂ ಮನಸ್ಸು ಬರುವುದಿಲ್ಲ. ಮೂರು ದಿನ ಕೂತು ಹೊಳಪು ಕೊಟ್ಟ ದೃಶ್ಯ ಕಥೆಗೆ ಬೇಡ ಎಂದು ಆಮೇಲೆ ತಿಳಿದರೂ, ಬರೆದವನು ಅದನ್ನು ಉಳಿಸಿಕೊಳ್ಳಲು ಹತ್ತು ಕಾರಣ ಹುಡುಕುತ್ತಾನೆ. ಇನ್ನೊಂದು ಕಾರಣವೂ ಇದೆ. ವಾಕ್ಯದ ಮಟ್ಟದಲ್ಲಿ ಓದುವವನ ಕಣ್ಣು ಪುಟದ ಮೇಲಿರುತ್ತದೆಯೇ ಹೊರತು ಕಥೆಯ ಮೇಲಿರುವುದಿಲ್ಲ. ಪುಟದಲ್ಲಿ ಇಲ್ಲದ್ದನ್ನು ಅವನ ತಲೆ ತಾನಾಗಿ ತುಂಬಿಕೊಳ್ಳುತ್ತದೆ. ನಾಯಕನ ತಾಯಿ ಬದುಕಿದ್ದಾಳೆಯೇ ಎಂಬುದು ಬರೆದವನಿಗೆ ಗೊತ್ತು. ಅದನ್ನು ಎಲ್ಲಿಯೂ ಹೇಳಿಲ್ಲ ಎಂಬುದು ಅವನಿಗೆ ಕಾಣುವುದಿಲ್ಲ. ಸ್ಟೀಫನ್ ಕಿಂಗ್ 2000ದಲ್ಲಿ ಪ್ರಕಟಿಸಿದ ‘ಆನ್ ರೈಟಿಂಗ್’ ಪುಸ್ತಕದಲ್ಲಿ ಕರಡನ್ನು ಕನಿಷ್ಠ ಆರು ವಾರ ಮುಚ್ಚಿಡಬೇಕು ಎನ್ನುವುದು ಈ ಕುರುಡು ಕಡಿಮೆಯಾಗಲಿ ಎಂದೇ. ಆದರೆ ಕಾಲವೊಂದೇ ಸಾಲದು. ಮರೆವು ಅರ್ಧ ಕೆಲಸ ಮಾಡುತ್ತದೆ, ಉಳಿದರ್ಧವನ್ನು ಹಾಳೆ ಮಾಡಬೇಕು.

ಆ ಹಾಳೆಗೆ ದೃಶ್ಯಪಟ್ಟಿ ಎನ್ನೋಣ. ಕರಡನ್ನು ಮುದ್ರಿಸಿಕೊಂಡು, ಸಾಧ್ಯವಾದರೆ ಒಂದೆರಡು ಸಲ ಕೂತು ಓದಿ ಮುಗಿಸಿ, ಪ್ರತಿ ದೃಶ್ಯಕ್ಕೂ ಒಂದು ಸಾಲು ಬರೆಯಬೇಕು. ಎಲ್ಲಿ, ಯಾವಾಗ; ಯಾರಿಗೆ ಏನು ಬೇಕಾಗಿತ್ತು; ದೃಶ್ಯ ಮುಗಿದಾಗ ಏನು ಬದಲಾಯಿತು; ಯಾವ ಹೊಸ ಪ್ರಶ್ನೆ ಎದ್ದಿತು ಅಥವಾ ಹಳೆಯದು ತೀರಿತು; ಎಷ್ಟು ಪದ. ಇಷ್ಟೇ. ಒಂದೇ ಒಂದು ಕಟ್ಟುನಿಟ್ಟಿದೆ. ಪಟ್ಟಿ ತುಂಬುವುದು ಪುಟವನ್ನು ನೋಡಿ, ನೆನಪಿನಿಂದ ಅಲ್ಲ. ‘ಏನು ಬದಲಾಯಿತು’ ಎಂಬ ಕಲಮಿಗೆ ‘ಅವನ ಒಂಟಿತನ ಗೊತ್ತಾಯಿತು’ ಎಂದು ಬರೆಯಬೇಕೆನಿಸಿದರೆ, ಅದು ಇಷ್ಟು ಹೊತ್ತಿಗೆ ಎಷ್ಟನೇ ಸಲ ಗೊತ್ತಾಗುತ್ತಿದೆ ಎಂದು ಕೇಳಿಕೊಳ್ಳಬೇಕು. ಮೊದಲ ಸಲವಲ್ಲದಿದ್ದರೆ ಆ ಕಲಮು ಖಾಲಿ.

ಕೆಲಸ ಹೇಗೆ ನಡೆಯುತ್ತದೆ ಎಂದು ನೋಡಲು ಒಂದು ಕರಡನ್ನು ಕಲ್ಪಿಸಿಕೊಳ್ಳೋಣ. ಇಪ್ಪತ್ತು ದೃಶ್ಯಗಳ, ಸುಮಾರು 16,000 ಪದಗಳ ನೀಳ್ಗತೆ. 2019ರ ತಿಪಟೂರು. ಮಂಜುನಾಥನಿಗೆ 41 ವರ್ಷ, ಕೊಬ್ಬರಿ ಮಂಡಿಯೊಂದರಲ್ಲಿ ಗುಮಾಸ್ತ. ಅವನ ತಂದೆ 1987ರಲ್ಲಿ ಇದೇ ಮಂಡಿಯ ಸಾಹುಕಾರರ ಸಾಲ ತೀರಿಸಲಾಗದೆ ಕೆರೆ ಹಿಂದಿನ ನಾಲ್ಕೆಕರೆ ತೆಂಗಿನ ತೋಟವನ್ನು ಅವರಿಗೇ ಬರೆದುಕೊಟ್ಟವರು. ಈಗ ಸಾಹುಕಾರರು ತೀರಿಕೊಂಡಿದ್ದಾರೆ. ಅಟ್ಟ ಚೊಕ್ಕಟ ಮಾಡುವಾಗ ಮಂಜುನಾಥನಿಗೆ ಹಳೆಯ ಕಿರ್ದಿ ಪುಸ್ತಕ ಸಿಗುತ್ತದೆ. ತೋಟ ಬರೆಸಿಕೊಳ್ಳುವ ಮೊದಲೇ ಸಾಲ ಚುಕ್ತಾ ಆಗಿತ್ತು ಎಂದು ಅದರಲ್ಲಿ ನಮೂದಾಗಿದೆ. ಸಾಹುಕಾರರ ಮಗ ಗಿರೀಶ ಒಳ್ಳೆಯವನು, ಮಂಜುನಾಥನನ್ನು ಮನೆಯವನಂತೆ ಕಂಡವನು. ಇದನ್ನು ಯಾರಿಗೆ ಹೇಳುವುದು, ಹೇಳುವುದೇ ಬೇಡವೇ ಎಂಬುದು ಕಥೆಯ ಪ್ರಶ್ನೆ. ವಸ್ತು ಗಟ್ಟಿಯಾಗಿದೆ, ವಾಕ್ಯಗಳೂ ತಕ್ಕಮಟ್ಟಿಗೆ ಚೆನ್ನಾಗಿವೆ. ಆದರೂ ಓದಿದವರು ‘ಯಾಕೋ ಹಿಡಿಯಲಿಲ್ಲ’ ಎನ್ನುತ್ತಾರೆ. ಯಾಕೆ ಎಂಬುದು ದೃಶ್ಯಪಟ್ಟಿಯಲ್ಲಿ ಕಾಣುತ್ತದೆ.

ಮೊದಲು ರಚನೆ. ಕಿರ್ದಿ ಸಿಗುವುದು ಹನ್ನೊಂದನೇ ದೃಶ್ಯದಲ್ಲಿ, ಸುಮಾರು 9,500 ಪದ ಕಳೆದ ಮೇಲೆ. ಅಂದರೆ ಕಥೆಯ ಅರ್ಧಕ್ಕಿಂತ ಹೆಚ್ಚು ಭಾಗದಲ್ಲಿ ಕಥೆಯ ಪ್ರಶ್ನೆಯೇ ಹುಟ್ಟಿಲ್ಲ. ಆ ಹತ್ತು ದೃಶ್ಯಗಳ ನಡುವಿನ ಸಂಬಂಧವನ್ನು ಪರೀಕ್ಷಿಸಲು ಒಂದು ಸುಲಭ ಉಪಾಯವಿದೆ. ಒಂದು ದೃಶ್ಯಕ್ಕೂ ಮುಂದಿನದಕ್ಕೂ ಮಧ್ಯೆ ‘ಆದ್ದರಿಂದ’ ಅಥವಾ ‘ಆದರೆ’ ಎಂಬ ಮಾತು ಕೂರುತ್ತದೆಯೇ, ‘ಆಮೇಲೆ’ ಮಾತ್ರ ಕೂರುತ್ತದೆಯೇ ಎಂದು ನೋಡುವುದು. ಈ ಕರಡಿನಲ್ಲಿ ನಾಲ್ಕರಿಂದ ಹತ್ತರವರೆಗೆ ಬರೀ ‘ಆಮೇಲೆ’. ಅದರಲ್ಲೂ ಐದನೇ ದೃಶ್ಯದಲ್ಲಿ ತೋಟ ಕೈಬಿಟ್ಟ ಇತಿಹಾಸ 1,900 ಪದಗಳ ಒಂದೇ ಗಂಟಾಗಿ ಬಂದು ಕೂತಿದೆ.

ಇಂಥ ಗಂಟನ್ನು ಏನು ಮಾಡಬೇಕು ಎನ್ನುವುದಕ್ಕೆ ಸಾಹಿತ್ಯ ಚರಿತ್ರೆಯಲ್ಲೇ ಒಂದು ಒಳ್ಳೆಯ ಪಾಠವಿದೆ. ಸ್ಕಾಟ್ ಫಿಟ್ಜೆರಾಲ್ಡ್ 1924ರಲ್ಲಿ ‘ದಿ ಗ್ರೇಟ್ ಗ್ಯಾಟ್ಸ್‌ಬಿ’ಯ ಹಸ್ತಪ್ರತಿಯನ್ನು ಪ್ರಕಾಶಕರಿಗೆ ಕಳಿಸಿದಾಗ ಅವನ ಸಂಪಾದಕ ಮ್ಯಾಕ್ಸ್‌ವೆಲ್ ಪರ್ಕಿನ್ಸ್ ಮೆಚ್ಚಿ ಬರೆದ ಪತ್ರದಲ್ಲೇ ಎರಡು ಆಕ್ಷೇಪ ಎತ್ತಿದ. ಗ್ಯಾಟ್ಸ್‌ಬಿ ಮಸುಕಾಗಿದ್ದಾನೆ, ಅವನ ಪೂರ್ವಕಥೆ ಕೊನೆಯ ಹತ್ತಿರ ಒಟ್ಟಿಗೇ ಬಂದು ಬೀಳುತ್ತದೆ. ಫಿಟ್ಜೆರಾಲ್ಡ್ ರೋಮ್‌ನಲ್ಲಿ ಕೂತು ಅಚ್ಚಿನ ಕರಡನ್ನೇ ಮತ್ತೆ ಕಟ್ಟಿದ. ಪೂರ್ವಕಥೆಯನ್ನು ಒಡೆದು ಹಿಂದಿನ ಅಧ್ಯಾಯಗಳಿಗೆ ಹಂಚಿದ. ಡಾನ್ ಕೋಡಿ ಎಂಬ ಶ್ರೀಮಂತನೊಡನೆ ಕಳೆದ ಯೌವನದ ಭಾಗ ಎಂಟನೇ ಅಧ್ಯಾಯದಿಂದ ಆರನೆಯದಕ್ಕೆ ಬಂತು. 1925ರ ಏಪ್ರಿಲ್ 10ರಂದು ಪ್ರಕಟವಾದ ಪುಸ್ತಕದಲ್ಲಿ ಆ ಹೊಲಿಗೆ ಇಂದಿಗೂ ಕಾಣುತ್ತದೆ. ಆರನೇ ಅಧ್ಯಾಯದಲ್ಲಿ ನಿರೂಪಕ ನಿಕ್, ಇದನ್ನು ಅವನು ನನಗೆ ಹೇಳಿದ್ದು ಬಹಳ ಆಮೇಲೆ, ಆದರೆ ಇಲ್ಲೇ ಹೇಳಿಬಿಡುತ್ತೇನೆ ಎನ್ನುತ್ತಾನೆ. ಎಂಟನೇ ಅಧ್ಯಾಯದಲ್ಲಿ, ಹೇಳಿದ್ದು ಇದೇ ರಾತ್ರಿ ಎನ್ನುತ್ತಾನೆ. ಪರ್ಕಿನ್ಸ್‌ನಂಥ ಸಂಪಾದಕ ಎಲ್ಲರಿಗೂ ಸಿಗುವುದಿಲ್ಲ. ಆದರೆ ಅವನ ಎರಡನೇ ಆಕ್ಷೇಪವನ್ನು ದೃಶ್ಯಪಟ್ಟಿಯೂ ಎತ್ತಬಲ್ಲದು, ಏಕೆಂದರೆ ಅದು ರುಚಿಯ ಮಾತಲ್ಲ. ಯಾವ ಮಾಹಿತಿ ಎಲ್ಲಿದೆ ಎಂಬ ಲೆಕ್ಕ.

ನಮ್ಮ ಕರಡಿಗೆ ಮರಳಿದರೆ, ಕಿರ್ದಿ ಸಿಗುವ ದೃಶ್ಯ ನಾಲ್ಕನೆಯದಾಗಬೇಕು. ಆಗ ಅದರ ನಂತರದ ಪ್ರತಿ ದೃಶ್ಯಕ್ಕೂ ತೂಕ ಬರುತ್ತದೆ. ಗಿರೀಶ ಚಹಾ ತರಿಸಿಕೊಟ್ಟರೂ ಓದುಗನಿಗೆ ಅದು ಬರೀ ಚಹಾ ಅಲ್ಲ. ತೋಟದ ಇತಿಹಾಸವನ್ನು ಎರಡಾಗಿ ಒಡೆಯಬೇಕು. ಮಂಜುನಾಥನಿಗೆ ಮೊದಲಿನಿಂದ ಗೊತ್ತಿದ್ದದ್ದು ಆರಂಭದಲ್ಲಿ ಚಿಕ್ಕದಾಗಿ. ಅವನಿಗೆ ಗೊತ್ತಿಲ್ಲದ್ದು ತಾಯಿಯ ಬಾಯಿಂದ, ಅವನು ಕೇಳಿದ ಮೇಲೆ. ಎರಡೂ ಸೇರಿ 1,200 ಪದ ಸಾಕು.

ಎರಡನೆಯದು ಎಳೆಗಳು. ಸಾಮಾನ್ಯವಾಗಿ ಇದನ್ನು ಕೊನೆಗೆ ನೋಡುವ ರೂಢಿಯಿದೆ, ಉಳಿದದ್ದೆಲ್ಲ ಮುಗಿದ ಮೇಲೆ ಬಿಟ್ಟುಹೋದದ್ದನ್ನು ಕಟ್ಟೋಣ ಎಂಬಂತೆ. ಅದು ತಪ್ಪು ಕ್ರಮ. ಎಳೆ ಕಟ್ಟಲು ಹೊಸ ದೃಶ್ಯ ಬೇಕಾಗಬಹುದು, ಕಿತ್ತರೆ ಹಳೆಯ ದೃಶ್ಯವೇ ಹೋಗಬಹುದು; ಎರಡೂ ಗತಿಯನ್ನು ಬದಲಿಸುತ್ತವೆ. ಗತಿ ಸರಿಮಾಡಿದ ಮೇಲೆ ಎಳೆ ಹುಡುಕಿದರೆ ಮಾಡಿದ ಕೆಲಸವನ್ನೇ ಮತ್ತೆ ಮಾಡಬೇಕು.

ದೃಶ್ಯಪಟ್ಟಿಯ ‘ಪ್ರಶ್ನೆ’ ಕಲಮನ್ನು ಮಾತ್ರ ಮೇಲಿನಿಂದ ಕೆಳಕ್ಕೆ ಓದುತ್ತಾ, ಎದ್ದ ಪ್ರತಿ ಪ್ರಶ್ನೆ ಮತ್ತೆ ಎಲ್ಲಿ ಬಂತು, ಎಲ್ಲಿ ತೀರಿತು ಎಂದು ಗುರುತು ಹಾಕಬೇಕು. ಈ ಕರಡಿನಲ್ಲಿ ನಾಲ್ಕು ಎಳೆ ತೂಗುತ್ತಿವೆ. ಮೂರನೇ ದೃಶ್ಯದಲ್ಲಿ ತಂಗಿಯ ಪತ್ರ ಬರುತ್ತದೆ, ಮಂಜುನಾಥ ಒಡೆಯದೆ ಜೇಬಿಗಿಡುತ್ತಾನೆ, ಅದು ಅಲ್ಲೇ ಉಳಿಯುತ್ತದೆ. ಎಂಟನೆಯದರಲ್ಲಿ ಹಳೆಯ ಗುಮಾಸ್ತ ರುದ್ರಪ್ಪ, ‘ಜಾತ್ರೆ ಮುಗೀಲಿ ಮಂಜ, ನಿಂಗೊಂದ್ ಮಾತ್ ಹೇಳದೈತೆ’ ಎಂದವರು ಮತ್ತೆ ಕಾಣುವುದಿಲ್ಲ. ತೋಟ ಬಿಟ್ಟು ಬಂದ ದಿನ ಮಂಜುನಾಥ ಅಮ್ಮನ ಕಂಕುಳಲ್ಲಿದ್ದ ಎಂದು ಒಂದು ಕಡೆಯಿದೆ. ಆದರೆ 2019ರಲ್ಲಿ 41 ಆದವನಿಗೆ 1987ರಲ್ಲಿ ಒಂಬತ್ತು ವರ್ಷ. ನಾಲ್ಕನೆಯದು ಎಲ್ಲಕ್ಕಿಂತ ದೊಡ್ಡದು. ನೋಂದಣಿಯಾದ ಕ್ರಯಪತ್ರ ಇರುವಾಗ ಕಿರ್ದಿಯ ಒಂದು ಸಾಲಿಗೆ ಬೆಲೆಯೇನು, ಇವನು ವಕೀಲರ ಹತ್ತಿರ ಏಕೆ ಹೋಗಲಿಲ್ಲ ಎಂದು ಜಮೀನಿನ ವ್ಯವಹಾರ ಕಂಡ ಯಾವ ಓದುಗನೂ ಕೇಳುತ್ತಾನೆ.

ಎಳೆ ಸಿಕ್ಕಾಗ ಮೂರು ದಾರಿಗಳಿವೆ. ಕಟ್ಟುವುದು, ಕಿತ್ತುಹಾಕುವುದು, ತಿಳಿದೇ ಬಿಡುವುದು. ತಂಗಿಯ ಪತ್ರ ಕಥೆಗೆ ಏನೂ ಮಾಡುತ್ತಿಲ್ಲ, ಆ 150 ಪದ ಹೋಗಲಿ. ರುದ್ರಪ್ಪ ಹೋಗುವಂತಿಲ್ಲ, ಏಕೆಂದರೆ ಆ ನಮೂದು ಬರೆದ ಕೈ ಅವರದೇ ಆಗಿರಲು ಸಾಧ್ಯ. ಅವರಿಗೊಂದು 1,200 ಪದಗಳ ದೃಶ್ಯ ಕೊಟ್ಟರೆ, ಬಿಟ್ಟುಹೋದ ಎಳೆಯೇ ಕಥೆಯ ಬೆನ್ನೆಲುಬಾಗುತ್ತದೆ. ಗೊತ್ತಿದ್ದೂ ಮೂವತ್ತೆರಡು ವರ್ಷ ಸುಮ್ಮನಿದ್ದ ಮನುಷ್ಯ ಎದುರಿಗೆ ಕೂತರೆ, ಮಂಜುನಾಥನ ಮುಂದಿರುವ ಪ್ರಶ್ನೆಗೆ ಮುಖ ಬಂದಂತಾಯಿತು. ಕಾನೂನಿನ ಪ್ರಶ್ನೆಗೆ ಅದೇ ದೃಶ್ಯದಲ್ಲಿ ಎರಡು ಸಾಲು ಸಾಕು. ತೋಟ ವಾಪಸ್ ಕೇಳುವುದು ತನ್ನ ಉದ್ದೇಶವಲ್ಲ, ಅಪ್ಪ ಸಾಲಗಾರನಾಗಿ ಸಾಯಲಿಲ್ಲ ಎಂಬುದಷ್ಟೇ ಬೇಕು ಎಂದು ಮಂಜುನಾಥ ತಾನೇ ಹೇಳಿದರೆ ಓದುಗ ವಕೀಲರನ್ನು ಮರೆಯುತ್ತಾನೆ. ವಯಸ್ಸಿನದು ಬರೀ ಲೆಕ್ಕ. ಅದನ್ನು ಸರಿಪಡಿಸುವಾಗ, ಒಂಬತ್ತು ವರ್ಷದ ಹುಡುಗನಿಗೆ ಆ ದಿನ ನೆನಪಿರಬೇಕಲ್ಲ ಎಂಬುದೂ ಹೊಳೆಯುತ್ತದೆ, ಅದರಿಂದ ಕಥೆಗೆ ಲಾಭವೇ.

ಎಲ್ಲ ಎಳೆಯನ್ನೂ ಕಟ್ಟಲೇಬೇಕೆಂದು ನಾನು ಹೇಳುತ್ತಿಲ್ಲ. ರೇಮಂಡ್ ಚಾಂಡ್ಲರ್‌ನ ‘ದಿ ಬಿಗ್ ಸ್ಲೀಪ್’ (1939) ಕಾದಂಬರಿಯಲ್ಲಿ ಕಾರಿನ ಚಾಲಕನೊಬ್ಬ ಸಾಯುತ್ತಾನೆ. ಕೊಂದವರು ಯಾರು ಎಂಬುದು ಸ್ಪಷ್ಟವಾಗುವುದೇ ಇಲ್ಲ. ಸಿನಿಮಾ ಮಾಡುವಾಗ ಕೇಳಿದ್ದಕ್ಕೆ ತನಗೂ ಗೊತ್ತಿಲ್ಲವೆಂದು ಚಾಂಡ್ಲರ್ ಹೇಳಿದನೆಂಬ ಕಥೆ ಪ್ರಸಿದ್ಧ. ಆ ಕಾದಂಬರಿಯನ್ನು ಅವನು ತಾನು ಹಿಂದೆ ಪತ್ರಿಕೆಗೆ ಬರೆದ ಕಥೆಗಳನ್ನು ಬೆಸೆದು ಕಟ್ಟಿದ್ದ; ಇಂಥ ಬೆಸುಗೆಯ ಜಾಗದಲ್ಲಿ ಎಳೆ ಜಾರುವುದು ಸಹಜ. ವಾರವಾರವೂ ಬರೆದು ಕೊಟ್ಟ ಧಾರಾವಾಹಿಯನ್ನು ಪುಸ್ತಕ ಮಾಡುವ ನಮ್ಮ ಲೇಖಕರೂ ಕಂತು ಸೇರುವ ಜಾಗಗಳನ್ನೇ ಮೊದಲು ನೋಡಬೇಕು. ‘ದಿ ಬಿಗ್ ಸ್ಲೀಪ್’ ಆ ದೋಷದಿಂದ ಕೆಡಲಿಲ್ಲ, ಏಕೆಂದರೆ ಓದುಗ ಅದನ್ನು ಹಿಡಿದು ಕೂರುವುದು ಚಾಲಕನ ಸಾವಿಗಾಗಿ ಅಲ್ಲ, ಮಾರ್ಲೋ ಎಂಬ ಪತ್ತೇದಾರನಿಗಾಗಿ. ಕಥೆಯ ಮುಖ್ಯ ಪ್ರಶ್ನೆ ಯಾವ ಎಳೆಗೆ ನೇತುಬಿದ್ದಿದೆಯೋ ಅದು ಜಾರಬಾರದು. ಇನ್ನು, ಬೇಕೆಂದೇ ತೆರೆದಿಟ್ಟದ್ದನ್ನೂ ಮರೆತು ಬಿಟ್ಟದ್ದನ್ನೂ ಹೇಗೆ ಗುರುತಿಸುವುದು? ತೆರೆದಿಟ್ಟದ್ದನ್ನು ಪಾತ್ರ ಕೊನೆಯವರೆಗೂ ನೋಡುತ್ತಿರುತ್ತದೆ. ಮಂಜುನಾಥ ತಾಯಿಗೆ ಹೇಳುತ್ತಾನೋ ಇಲ್ಲವೋ ಎಂಬುದನ್ನು ಕೊನೆಗೂ ಹೇಳದಿರಬಹುದು. ಆದರೆ ಕೊನೆಯ ದೃಶ್ಯದಲ್ಲಿ ಅವನು ತಾಯಿಯ ಎದುರು ಇರಬೇಕು.

ಮೂರನೆಯದು ಗತಿ. ಗತಿ ಎಂದರೆ ವೇಗ ಎಂದುಕೊಂಡವರು ಎಲ್ಲವನ್ನೂ ಕತ್ತರಿಸುತ್ತಾರೆ. ನಿಜದಲ್ಲಿ ಅದು ಆಗುತ್ತಿರುವ ಬದಲಾವಣೆಗೂ ಕೊಟ್ಟಿರುವ ಜಾಗಕ್ಕೂ ಇರುವ ಸಂಬಂಧ. ನಮ್ಮ ಕರಡಿನಲ್ಲಿ ಏಳನೇ ದೃಶ್ಯದ ಮದುವೆಯ ಊಟಕ್ಕೆ 1,800 ಪದ, ಕಿರ್ದಿ ಸಿಗುವುದಕ್ಕೆ 350, ಗಿರೀಶನೊಡನೆ ಮುಖಾಮುಖಿಗೆ 600. ಬರೆಯಲು ಸುಲಭವಾದದ್ದು ಉದ್ದವಾಗಿದೆ, ಕಷ್ಟವಾದದ್ದು ಗಿಡ್ಡವಾಗಿದೆ. ಮೊದಲ ಕರಡುಗಳಲ್ಲಿ ಇದು ಬಹಳ ಸಾಮಾನ್ಯ. ಸ್ಟೀಫನ್ ಕಿಂಗ್ ತಾನು ಎಳವೆಯಲ್ಲಿ ಪಡೆದ ಸೂತ್ರವೊಂದನ್ನು ಹೇಳುತ್ತಾನೆ, ಎರಡನೇ ಕರಡು ಮೊದಲಿನದಕ್ಕಿಂತ ಶೇ. 10 ಕಡಿಮೆಯಿರಬೇಕು ಎಂದು. ಒಟ್ಟು ಲೆಕ್ಕವನ್ನು ಮಾತ್ರ ನೋಡುವ ಆ ಸೂತ್ರವನ್ನು ಕಣ್ಣುಮುಚ್ಚಿ ನಂಬಿದವನು ಮುಖಾಮುಖಿಯ ದೃಶ್ಯದಿಂದಲೂ ಅರವತ್ತು ಪದ ಕತ್ತರಿಸುತ್ತಾನೆ. ಇಲ್ಲಿ ಬೇಕಾದದ್ದು ಮದುವೆ 1,100ಕ್ಕೆ ಇಳಿಯುವುದು, ಕಿರ್ದಿಯ ದೃಶ್ಯ 1,000ಕ್ಕೆ, ಮುಖಾಮುಖಿ 1,400ಕ್ಕೆ ಏರುವುದು.

ಕನ್ನಡದಲ್ಲಿ ನಿಧಾನವಾದ ಜಾಗವನ್ನು ಹಿಡಿಯಲು ಕ್ರಿಯಾಪದಗಳೇ ಸುಳಿವು ಕೊಡುತ್ತವೆ. ‘ಬರುತ್ತಿದ್ದ, ಕೂರುತ್ತಿದ್ದ, ನೋಡುತ್ತಿದ್ದ’ ಎಂದು ಸಾಲು ಸಾಲಾಗಿ ಬಂದರೆ ಅಲ್ಲಿ ರೂಢಿಯ ವರ್ಣನೆ ನಡೆಯುತ್ತಿದೆ, ಯಾವುದೋ ಒಂದು ದಿನ ಏನೋ ಒಂದು ಆಗುತ್ತಿಲ್ಲ. ‘ಬಂದ, ಕೂತ, ನೋಡಿದ’ ಎಂಬಲ್ಲಿ ದೃಶ್ಯವಿದೆ. ಪುಟಗಟ್ಟಲೆ ‘-ುತ್ತಿದ್ದ’ ಇರುವಲ್ಲಿ ಪೆನ್ಸಿಲಿನಿಂದ ಅಂಚಿಗೆ ಗೆರೆ ಎಳೆದರೆ ಕರಡಿನ ಹೂತುಹೋದ ಭಾಗಗಳು ಕಣ್ಣಿಗೇ ಕಾಣುತ್ತವೆ. ಅಂಥ ಭಾಗ ಇರಲೇಬಾರದೆಂದಲ್ಲ. ಎರಡು ದೃಶ್ಯಗಳ ನಡುವೆ ವರ್ಷಗಳನ್ನು ದಾಟಿಸಲು ಅದು ಬೇಕು. ಅರ್ಧ ಪುಟ ಮೀರಿದರೆ ಮಾತ್ರ ಕಾರಣ ಕೇಳಬೇಕು.

ಕೊನೆಯದು ಪುನರುಕ್ತಿ. ಪದ ಮರುಕಳಿಸುವುದು ಅದರಲ್ಲಿ ಅತಿ ಸಣ್ಣ ವಿಷಯ. ದೊಡ್ಡದು, ದೃಶ್ಯವೇ ಮರುಕಳಿಸುವುದು. ಆರನೇ ದೃಶ್ಯದಲ್ಲಿ ಅಂಗಡಿಯವನು ಮಂಜುನಾಥನ ಅಪ್ಪನ ಸಾಲ ಎತ್ತಿ ಆಡುತ್ತಾನೆ, ಏಳನೆಯದರಲ್ಲಿ ಮದುವೆಮನೆಯ ನೆಂಟರು, ಒಂಬತ್ತನೆಯದರಲ್ಲಿ ಜಾತ್ರೆಯಲ್ಲಿ ಸಿಕ್ಕವರು. ಊರು, ಜನ ಬೇರೆ. ದೃಶ್ಯಪಟ್ಟಿಯಲ್ಲಿ ಮಾತ್ರ ಮೂರಕ್ಕೂ ಒಂದೇ ಸಾಲು. ಯಾವುದು ಉಳಿಯಬೇಕು? ಇನ್ನೊಂದು ಕೆಲಸವನ್ನೂ ಮಾಡುವಂಥದ್ದು. ಮದುವೆಯಲ್ಲಿ ಗಿರೀಶ ಎದ್ದು ಬಂದು ಮಂಜುನಾಥನನ್ನು ತನ್ನ ಪಕ್ಕದ ಎಲೆಗೆ ಕೂರಿಸಿಕೊಳ್ಳುತ್ತಾನೆ. ಅವಮಾನವೂ ಉಪಕಾರವೂ ಒಂದೇ ಪಂಕ್ತಿಯಲ್ಲಿ ಸಿಗುವುದು ಅಲ್ಲಿ ಮಾತ್ರ. ಹಾಗಾಗಿ ಅಂಗಡಿ ಮತ್ತು ಜಾತ್ರೆ ಹೋಗಲಿ, ಅಲ್ಲಿಗೆ 1,800 ಪದ ಇಳಿಯಿತು.

ಪದಗಳ ಮಟ್ಟದಲ್ಲಿ ಪ್ರತಿಯೊಬ್ಬರಿಗೂ ಕೆಲವು ಚಟಗಳಿರುತ್ತವೆ. ನಿಟ್ಟುಸಿರು, ತಲೆಯಾಡಿಸುವುದು, ಒಂದು ಕ್ಷಣ ಮೌನ. ಕಂಪ್ಯೂಟರಿನಲ್ಲಿ ಹುಡುಕುವಾಗ ಪೂರ್ಣ ಪದ ಕೊಟ್ಟರೆ ಅರ್ಧ ತಪ್ಪಿಹೋಗುತ್ತವೆ, ಏಕೆಂದರೆ ನಮ್ಮ ಪದಗಳು ಪ್ರತ್ಯಯದೊಡನೆ ರೂಪ ಬದಲಿಸುತ್ತವೆ. ‘ನಿಟ್ಟುಸಿ’ ಎಂದಷ್ಟೇ ಕೊಟ್ಟರೆ ನಿಟ್ಟುಸಿರು, ನಿಟ್ಟುಸಿರಿಟ್ಟ, ನಿಟ್ಟುಸಿರಿನಲ್ಲಿ ಎಲ್ಲವೂ ಸಿಗುತ್ತವೆ. ‘ತಲೆಯಾಡಿ’, ‘ತಲೆ ಆಡಿ’ ಎರಡನ್ನೂ ಬೇರೆಬೇರೆಯಾಗಿ ಹುಡುಕಬೇಕು. ಯೂನಿಕೋಡ್ ಅಲ್ಲದ ಹಳೆಯ ಫಾಂಟಿನಲ್ಲಿ ಬರೆದ ಕಡತವಾದರೆ ಮೊದಲು ಪರಿವರ್ತಿಸಿಕೊಳ್ಳಬೇಕು. ಸಿಕ್ಕಿದ್ದನ್ನು ಗುರುತು ಮಾಡಿಟ್ಟರೆ ಸಾಕು, ತಿದ್ದುವುದು ಮುಂದಿನ ಸುತ್ತಿಗೆ. ಹಾಗೆಂದು ‘ಹೇಳಿದ’ ಎಂಬುದಕ್ಕೆ ಉಸುರಿದ, ನುಡಿದ, ಅರುಹಿದ ಎಂದು ಬದಲಿ ಹುಡುಕುವ ಅಗತ್ಯವಿಲ್ಲ. ಓದುಗನ ಕಣ್ಣಿಗೆ ‘ಹೇಳಿದ’ ಕಾಣುವುದೇ ಇಲ್ಲ, ‘ಅರುಹಿದ’ ಎದ್ದು ಕಾಣುತ್ತದೆ.

ಇಷ್ಟೆಲ್ಲ ಕಿತ್ತು ಸೇರಿಸಿದ ಮೇಲೆ ನೀಳ್ಗತೆ ಸುಮಾರು 15,300 ಪದಕ್ಕೆ ನಿಲ್ಲುತ್ತದೆ. ಒಟ್ಟು ಇಳಿದದ್ದು ಕೇವಲ 700. ಆದರೆ 3,350 ಪದ ಹೋಗಿ 2,650 ಹೊಸದಾಗಿ ಬಂದಿವೆ. ಅಂದರೆ ಹೊಸ ಹೊಲಿಗೆಗಳೂ ಬಂದಿವೆ. ಗ್ಯಾಟ್ಸ್‌ಬಿಯಲ್ಲಿ ಆದಂತೆ, ಜಾಗ ಬದಲಿಸಿದ ದೃಶ್ಯ ಹಳೆಯ ಜಾಗದ ಗುರುತನ್ನು ಹೊತ್ತು ತರುತ್ತದೆ. ಹಾಗಾಗಿ ಎಳೆಗಳ ಪರೀಕ್ಷೆಯನ್ನಷ್ಟೇ ಇನ್ನೊಮ್ಮೆ ಮಾಡಬೇಕು. ಅದರಲ್ಲಿ ಏನೂ ಸಿಗದಿದ್ದರೆ ಈ ಸುತ್ತು ಮುಗಿಯಿತು, ವಾಕ್ಯಗಳ ಸರದಿ ಬಂತು.

ಇದನ್ನು ಒಪ್ಪದವರು ಹೇಳುವ ಮಾತೊಂದಿದೆ. ಕಥೆ ಒಳಗಿನಿಂದ ಬರುವುದು, ಕಲಮುಗಳಲ್ಲಿ ತುಂಬಿದರೆ ಎಲ್ಲ ಕಥೆಗಳೂ ಒಂದೇ ಅಚ್ಚಿನವಾಗುತ್ತವೆ ಎಂದು. ಮೊದಲ ಕರಡಿಗೆ ಈ ಮಾತು ಸರಿ. ಪಟ್ಟಿ ಮುಂದಿಟ್ಟುಕೊಂಡು ಕಥೆ ಬರೆಯಲು ಕೂತವನ ಕೈ ಕಟ್ಟಿಹೋಗುತ್ತದೆ. ಆದರೆ ಬರೆದಾದ ಮೇಲೆ ಪಟ್ಟಿ ಕೇಳುತ್ತದೆಯೇ ಹೊರತು ಉತ್ತರ ಕೊಡುವುದಿಲ್ಲ. ರುದ್ರಪ್ಪ ಮರಳಿಲ್ಲ ಎಂದಷ್ಟೇ ಅದು ಹೇಳೀತು. ಅವರು ಬಂದು ಏನು ಹೇಳಬೇಕು ಎಂಬುದು ಬರೆಯುವವನ ಪ್ರತಿಭೆಗೆ ಬಿಟ್ಟದ್ದು. ಏನೂ ನಡೆಯದ ಕಥೆಗಳೂ ಇವೆ. ಅಲ್ಲಿ ‘ಏನು ಬದಲಾಯಿತು’ ಎಂಬುದನ್ನು ಪಾತ್ರಕ್ಕಲ್ಲ, ಓದುಗನಿಗೆ ಕೇಳಬೇಕು. ಅಲ್ಲೂ ಕಲಮು ಖಾಲಿಯಾದರೆ ದೋಷ ಪಟ್ಟಿಯದಲ್ಲ. ಸುಳ್ಳು ಭಾವುಕತೆಯನ್ನಾಗಲಿ, ಹೇಳಲು ಯೋಗ್ಯವಲ್ಲದ ವಸ್ತುವನ್ನಾಗಲಿ ಈ ಹಾಳೆ ಹಿಡಿಯಲಾರದು. ಅದಕ್ಕೆ ನಿಷ್ಠುರವಾಗಿ ಓದುವ ಇನ್ನೊಬ್ಬರು ಬೇಕು.

ಆದರೆ ಅಂಥ ಓದುಗರ ಸಮಯವನ್ನು ವಯಸ್ಸಿನ ಲೆಕ್ಕ ಹಿಡಿಯಲು, ಕಳೆದುಹೋದ ಗುಮಾಸ್ತನನ್ನು ಹುಡುಕಲು ಖರ್ಚು ಮಾಡಿಸುವುದು ಅನ್ಯಾಯ. ಅದು ಬರೆದವನೇ ಮಾಡಬಹುದಾದ, ಮಾಡಲೇಬೇಕಾದ ಕೆಲಸ. ಕಥೆಯನ್ನು ಸ್ಪರ್ಧೆಗೋ ಸಂಪಾದಕರಿಗೋ ಕಳಿಸುವ ಮೊದಲು ಅದರ ದೃಶ್ಯಪಟ್ಟಿಯನ್ನು ಒಮ್ಮೆ ಬರೆದು ನೋಡಿ. ‘ಏನು ಬದಲಾಯಿತು’ ಎಂಬ ಕಲಮಿನಲ್ಲಿ ಸಾಲಾಗಿ ಮೂರು ಮನೆ ಖಾಲಿ ಉಳಿದಿದ್ದರೆ, ಎಷ್ಟೇ ಚಂದದ ವಾಕ್ಯಗಳಿದ್ದರೂ ಆ ಕಥೆಯನ್ನು ಇನ್ನೂ ಕಳಿಸಬೇಡಿ.